ಅಮ್ಮ ಮಗನನ್ನು ಸ್ವಾಮಿ ಎನ್ನುವ 41 ದಿನ

ಬೆಳಗಿನ ಜಾವ ನಾಲ್ಕೂವರೆ. ಬಾಗಿಲ ಸಂದಿಯಿಂದ ಅಮ್ಮನ ದನಿ: ‘ಸ್ವಾಮಿ, ಏಳಿ. ನೀರು ತುಂಬಿಟ್ಟಿದ್ದೀನಿ.’ ಚಾಪೆಯ ಮೇಲೆ ಮಲಗಿದ್ದ ಇಪ್ಪತ್ತೆರಡರ ಮಗ ಎದ್ದು ಕೂರುತ್ತಾನೆ. ಹೋದ ವಾರದವರೆಗೂ ಇದೇ ಅಮ್ಮ ಅವನನ್ನು ‘ಏಳೋ, ಎಷ್ಟೊತ್ತು ಬಿದ್ಕೊಂಡಿರ್ತೀಯ’ ಎಂದು ಎಬ್ಬಿಸುತ್ತಿದ್ದವರು. ಕೊರಳಿಗೆ ತುಳಸಿ ಮಾಲೆ ಬಿದ್ದ ದಿನದಿಂದ ಆತ ಮನೆಗೆಲ್ಲ ಸ್ವಾಮಿ. ಅಪ್ಪನೂ ಏಕವಚನದಲ್ಲಿ ಮಾತಾಡಿಸುವುದಿಲ್ಲ. ಅವನೂ ಹಾಗೆಯೇ, ಮನೆಗೆ ಹಾಲು ತರುವ ಹುಡುಗನನ್ನೂ ‘ಸ್ವಾಮಿ’ ಎಂದೇ ಕರೆಯಬೇಕು.

ಕಾರ್ತಿಕ ಮಾಸ ಬಂತೆಂದರೆ ಕರ್ನಾಟಕದ ಊರೂರಿನಲ್ಲೂ ಕಪ್ಪು ಪಂಚೆಯ ಸ್ವಾಮಿಗಳು ಕಾಣಿಸತೊಡಗುತ್ತಾರೆ. ಕೇರಳದ ಪತ್ತನಂತಿಟ್ಟ ಜಿಲ್ಲೆಯಲ್ಲಿ, ಪೆರಿಯಾರ್ ಹುಲಿ ಸಂರಕ್ಷಿತಾರಣ್ಯದ ನಡುವೆ ಇರುವ ಶಬರಿಮಲೆಗೆ ಹೊರಟವರು ಅವರು. ನಟ ರಾಜ್‌ಕುಮಾರ್ ಅವರು ಮಾಲೆ ಧರಿಸಿ ಮಲೆಗೆ ಹೋಗುತ್ತಿದ್ದುದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಯಾತ್ರೆಯ ಬಗ್ಗೆ, ಹದಿನೆಂಟು ಮೆಟ್ಟಿಲಿನ ಬಗ್ಗೆ, ಮಕರಜ್ಯೋತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದಕ್ಕಿಂತ ಮೊದಲಿನ 41 ದಿನಗಳ ವ್ರತವನ್ನು ಹೇಗೆ ಹಿಡಿಯಬೇಕು, ಹಿಡಿಯುವ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕು ಎಂಬುದನ್ನು ಮೊದಲ ಸಲ ಹೊರಟವರಿಗೆ, ಅಂದರೆ ಕನ್ನಿ ಸ್ವಾಮಿಗಳಿಗೆ, ಬಿಡಿಸಿ ಹೇಳುವವರು ಕಡಿಮೆ. ಮಾಲೆ ಹಾಕಿಸಿಕೊಂಡ ಮೇಲೆ ತಡವರಿಸುವವರೆಲ್ಲ ಹೆಚ್ಚಾಗಿ ಮಾಲೆಗೆ ಮುಂಚಿನ ಈ ಸಿದ್ಧತೆಯಲ್ಲಿ ಎಡವಿದವರೇ.

ಮೊದಲು ದಿನದ ಲೆಕ್ಕ. ನಮ್ಮಲ್ಲಿ ಮಂಡಲವೆಂದರೆ 48 ದಿನ ಎಂದುಕೊಳ್ಳುವವರು ಬಹಳ. ಹರಕೆಗೂ ಔಷಧಿಗೂ ಅದೇ ಲೆಕ್ಕ. ಶಬರಿಮಲೆಯ ಮಂಡಲ 41 ದಿನದ್ದು. ಮಲಯಾಳಂ ಪಂಚಾಂಗದ ವೃಶ್ಚಿಕ ಮಾಸದ ಮೊದಲ ದಿನ, ಅಂದರೆ ನವೆಂಬರ್ 16 ಅಥವಾ 17ಕ್ಕೆ ಇದು ಶುರುವಾಗುತ್ತದೆ. ನವೆಂಬರ್ 17ರಿಂದ ಬೆರಳು ಮಡಚುತ್ತ ಬಂದರೆ ಆ ತಿಂಗಳಲ್ಲಿ 14 ದಿನ, ಡಿಸೆಂಬರ್‌ನಲ್ಲಿ 27 ದಿನ. ಸರಿಯಾಗಿ 41ನೇ ದಿನಕ್ಕೆ ಸನ್ನಿಧಾನದಲ್ಲಿ ಮಂಡಲ ಪೂಜೆ. ಅದಾದ ಮೇಲೆ ಗುಡಿಯ ಬಾಗಿಲು ಮುಚ್ಚಿ, ಮಕರವಿಳಕ್ಕು ಉತ್ಸವಕ್ಕಾಗಿ ಡಿಸೆಂಬರ್ 30ರ ಸುಮಾರಿಗೆ ಮತ್ತೆ ತೆರೆಯುತ್ತದೆ. ನಡುವಿನ ಈ ಎರಡು ಮೂರು ದಿನ ಗೊತ್ತಿಲ್ಲದೆ ಹೋಗಿ ಪಂಪೆಯಲ್ಲಿ ಕೂತವರಿದ್ದಾರೆ.

ಕರ್ನಾಟಕದ ಬಹಳ ಜನ ಸಂಕ್ರಾಂತಿಯ ಜ್ಯೋತಿ ನೋಡಲು ಹೋಗುತ್ತಾರೆ. ಅವರು ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಜನವರಿ 14ರಂದು ಮೆಟ್ಟಿಲು ಹತ್ತುವುದಾದರೆ ಅದಕ್ಕೆ ಮುಂಚೆ 41 ದಿನ ತುಂಬಬೇಕು: ಜನವರಿಯ 13 ದಿನ, ಡಿಸೆಂಬರ್‌ನ 28 ದಿನ. ಅಂದರೆ ಡಿಸೆಂಬರ್ 4ರ ಬೆಳಿಗ್ಗೆಯೇ ಮಾಲೆ ಕೊರಳಲ್ಲಿರಬೇಕು. ಪ್ರಯಾಣದ ದಿನಗಳೂ ವ್ರತದೊಳಗೇ ಸೇರುತ್ತವೆ. ಆನ್‌ಲೈನ್ ಸರತಿಯಲ್ಲಿ ದರ್ಶನದ ದಿನ ಸಿಗುವುದು ನಮ್ಮ ಇಷ್ಟಕ್ಕೆ ತಕ್ಕ ಹಾಗಲ್ಲ. ಆದ್ದರಿಂದ ಮೊದಲು ದರ್ಶನದ ದಿನ ಗೊತ್ತುಮಾಡಿಕೊಂಡು ಆಮೇಲೆ ಮಾಲೆಯ ದಿನ ಇಡುವುದು ಜಾಣತನ. ಅದೇ ಸಮಯದಲ್ಲಿ ಮನೆಯಲ್ಲಿ ಮದುವೆ, ನಾಮಕರಣ, ವರ್ಷಾಬ್ದಿಕ ಏನಾದರೂ ಬರುತ್ತದೆಯೇ ಎಂದೂ ನೋಡಿಕೊಳ್ಳಬೇಕು. ಸಾವಿನ ಮನೆಗೆ ವ್ರತಧಾರಿ ಹೋಗುವಂತಿಲ್ಲ. ರಕ್ತಸಂಬಂಧಿಗಳು ತೀರಿಕೊಂಡರೆ ಸೂತಕ. ಗುರುಸ್ವಾಮಿಗೆ ತಿಳಿಸಿ ಮಾಲೆ ತೆಗೆದುಬಿಡುತ್ತಾರೆ, ಆ ವರ್ಷದ ಯಾತ್ರೆ ಅಲ್ಲಿಗೆ ನಿಂತಿತು. ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಮುಂದಿನ ವರ್ಷ ನೋಡೋಣ ಎನ್ನುವ ಗುರುಸ್ವಾಮಿಗಳ ಮಾತಿನಲ್ಲಿ ಅನುಭವವಿದೆ.

ಇಂದು 21 ದಿನ, 11 ದಿನ, ಕೊನೆಗೆ ಹೊರಡುವ ದಿನವೇ ಮಾಲೆ ಹಾಕಿಕೊಳ್ಳುವವರೂ ಇದ್ದಾರೆ. ಹತ್ತಾರು ಸಲ ಹೋಗಿ ಬಂದವರ ಮಾತು ಬೇರೆ. ಕನ್ನಿ ಸ್ವಾಮಿಗೆ ಮಾತ್ರ ಪೂರ್ತಿ ಮಂಡಲವೇ ಸರಿ. ಚಳಿಯ ನೀರಿಗೆ ಮೈ, ಒಪ್ಪೊತ್ತಿನ ಊಟಕ್ಕೆ ಹೊಟ್ಟೆ, ಬರಿಗಾಲಿಗೆ ಪಾದ ಒಗ್ಗಲು ಮೊದಲ ಎರಡು ವಾರ ಹೋಗಿಬಿಡುತ್ತದೆ. ವ್ರತ ಮನಸ್ಸಿಗೆ ಇಳಿಯುವುದು ಅದಾದ ಮೇಲೆ.

ಮಾಲೆ ತುಳಸಿಯದಾಗಬಹುದು, ರುದ್ರಾಕ್ಷಿಯದಾಗಬಹುದು. 54 ಅಥವಾ 108 ಮಣಿ, ತುದಿಗೆ ಅಯ್ಯಪ್ಪನ ಪದಕ. ಗುರುಸ್ವಾಮಿಯಿಂದ, ಇಲ್ಲವೇ ದೇವಸ್ಥಾನದಲ್ಲಿ ಅರ್ಚಕರಿಂದ, ಕೆಲವರು ತಾಯಿಯ ಕೈಯಿಂದಲೂ ಹಾಕಿಸಿಕೊಳ್ಳುತ್ತಾರೆ. ಇಲ್ಲೊಂದು ಸಣ್ಣ ಎಚ್ಚರ. ಅಂಗಡಿಯ ತುಳಸಿ ಮಾಲೆಯ ದಾರ ತೆಳುವಾಗಿರುತ್ತದೆ. ದಿನಕ್ಕೆ ಎರಡು ಸ್ನಾನದಂತೆ ನೆನೆದು ಒಣಗಿ ಮೂರನೇ ವಾರಕ್ಕೆ ಅದು ಕಿತ್ತುಹೋಗಿ, ಮಣಿಗಳು ಬಚ್ಚಲಲ್ಲಿ ಉರುಳಿದಾಗ ವ್ರತಭಂಗವಾಯಿತೆಂದು ಮನೆಯವರೆಲ್ಲ ಹೆದರುತ್ತಾರೆ. ಮಣಿಗಳನ್ನು ಆರಿಸಿ ಗುರುಸ್ವಾಮಿಯಿಂದ ಮತ್ತೆ ಪೋಣಿಸಿ ಹಾಕಿಸಿಕೊಂಡರಾಯಿತು. ಧರಿಸುವ ಮೊದಲೇ ಗಟ್ಟಿ ದಾರಕ್ಕೆ ಪೋಣಿಸಿಕೊಂಡರೆ ಆ ಗಾಬರಿಯೂ ಇರುವುದಿಲ್ಲ.

ಬಟ್ಟೆ ಕಪ್ಪು, ನೀಲಿ ಅಥವಾ ಕಾವಿ. ಕಪ್ಪು ಶನಿಯ ಬಣ್ಣವೆಂದೂ, ಶನಿದೋಷ ತಟ್ಟದಂತೆ ಕಾಯುವವನು ಅಯ್ಯಪ್ಪನೆಂದೂ ನಂಬಿಕೆ. ಪಂಚೆ, ಅಂಗಿ, ಹೆಗಲ ಮೇಲೊಂದು ಶಲ್ಯ, ಇಷ್ಟೇ. ಎರಡು ಜೊತೆಯಲ್ಲಿ ಹೇಗೋ ಸಾಗುತ್ತದೆ ಎನ್ನುತ್ತಾರೆ, ಸಾಗುವುದಿಲ್ಲ. ಚಳಿಗಾಲದ ಮೋಡದಲ್ಲಿ ಬೆಳಿಗ್ಗೆ ಒಗೆದದ್ದು ಸಂಜೆಗೆ ಒಣಗುವುದಿಲ್ಲ. ಸ್ನಾನ ಮಾಡಿ ಹಸಿ ಪಂಚೆ ಉಟ್ಟು ನಾಲ್ಕು ದಿನದಲ್ಲಿ ತೊಡೆಸಂದಿ ಕೆಂಪಾಗಿ ತುರಿಕೆ ಹತ್ತುತ್ತದೆ. ಮೂರು ಜೊತೆ ಇಟ್ಟುಕೊಳ್ಳಬೇಕು. ಹೊಸ ಕಪ್ಪು ಬಟ್ಟೆ ಬಣ್ಣ ಬಿಡುವುದರಿಂದ ಮೊದಲ ಎರಡು ಮೂರು ಸಲ ಬೇರೆಯಾಗಿ ಒಗೆದು, ನೆರಳಲ್ಲಿ ಒಣಗಿಸಿ, ಆಮೇಲೆ ಉಡುವುದು ಒಳ್ಳೆಯದು. ಕ್ಷೌರ, ಗಡ್ಡ ಬೋಳಿಸುವುದು, ಉಗುರು ಕತ್ತರಿಸುವುದು ವ್ರತ ಮುಗಿಯುವ ತನಕ ಇಲ್ಲ. ಹಾಸಿಗೆ ದಿಂಬು ಇಲ್ಲ, ಚಾಪೆಯೇ. ಬ್ರಹ್ಮಚರ್ಯ ಕಡ್ಡಾಯ.

ಚಪ್ಪಲಿ ಬಿಡುವ ವಿಚಾರದಲ್ಲಿ ವಿವೇಕ ಬೇಕು. ಮನೆ, ಗುಡಿ, ಓಣಿಯಲ್ಲಿ ಬರಿಗಾಲು ಸಲೀಸು. ಕಾರ್ಖಾನೆಯಲ್ಲಿ ಸುರಕ್ಷಾ ಬೂಟು ಹಾಕಲೇಬೇಕಾದವರಿಗೆ ಕೆಲಸದ ಹೊತ್ತು ಹಾಕಿಕೊಳ್ಳಿ ಎಂದೇ ತಿಳಿದ ಗುರುಸ್ವಾಮಿಗಳು ಹೇಳುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಜಾಗ್ರತೆಯಾಗಿರಬೇಕು. ಅವರಲ್ಲಿ ಬಹಳ ಜನರ ಅಂಗಾಲಿಗೆ ಸ್ಪರ್ಶ ಕಡಿಮೆ. ಮುಳ್ಳು ಚುಚ್ಚಿದ್ದು, ಬಿಸಿ ಟಾರಿಗೆ ಬೊಬ್ಬೆ ಎದ್ದದ್ದು ಗೊತ್ತೇ ಆಗುವುದಿಲ್ಲ. ರಾತ್ರಿ ಮಲಗುವ ಮುನ್ನ ಕಾಲು ತೊಳೆದು, ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಅವರಿಗೆ ಪೂಜೆಯಷ್ಟೇ ಮುಖ್ಯ.

ಇನ್ನು ಅಡುಗೆಮನೆ. ಮಾಂಸ, ಮೊಟ್ಟೆ, ಮದ್ಯ, ಬೀಡಿ-ಸಿಗರೇಟು, ಗುಟ್ಕಾ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಬೆಳಿಗ್ಗೆ ಸ್ನಾನ, ಪೂಜೆ, ಶರಣು ಘೋಷ ಮುಗಿಸಿ ಕಾಫಿ, ಹಾಲು ಅಥವಾ ಹಣ್ಣು. ಮಧ್ಯಾಹ್ನ ಹೊಟ್ಟೆ ತುಂಬ ಒಂದು ಊಟ, ಅದಕ್ಕೆ ಭಿಕ್ಷೆ ಎಂದೇ ಹೆಸರು. ಸಂಜೆ ಮತ್ತೆ ಸ್ನಾನ ಪೂಜೆ ಮಾಡಿ ಅವಲಕ್ಕಿ, ಉಪ್ಪಿಟ್ಟಿನಂಥ ಫಲಾಹಾರ. ತಂಗಳು ಮುಟ್ಟುವುದಿಲ್ಲ. ಮಡಿಯಲ್ಲಿ, ಆಗಷ್ಟೇ ಮಾಡಿದ್ದನ್ನು ಉಣ್ಣುತ್ತಾರೆ.

ಮನೆಯಲ್ಲಿದ್ದರೆ ಇದು ಕಷ್ಟವಲ್ಲ. ಹೆಸರುಬೇಳೆ ತೊವ್ವೆಗೆ ಇಂಗಿನ ಒಗ್ಗರಣೆ, ತಿಳಿಸಾರು, ಕೋಸಂಬರಿ, ಮಜ್ಜಿಗೆ. ಉತ್ತರ ಕರ್ನಾಟಕದಲ್ಲಾದರೆ ಜೋಳದ ರೊಟ್ಟಿ, ಕಾಳುಪಲ್ಯ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ. ವ್ರತ ಗೊತ್ತಿಲ್ಲದೆ ಕೆಡುವುದು ಹೊರಗೆ. ಶುದ್ಧ ಸಸ್ಯಾಹಾರಿ ಹೋಟೆಲಿನ ಸಾಂಬಾರಿಗೂ ಈರುಳ್ಳಿ ಬಿದ್ದಿರುತ್ತದೆ. ಅಂಗಡಿಯ ಮಿಕ್ಸ್ಚರ್, ಚಿಪ್ಸ್, ರೆಡಿ ಮಸಾಲೆಯ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರದಲ್ಲಿ ಬೆಳ್ಳುಳ್ಳಿ ಪುಡಿ ಅಡಗಿರುತ್ತದೆ, ಬೇಕರಿಯ ಕೇಕಿನಲ್ಲಿ ಮೊಟ್ಟೆ. ದಿನವಿಡೀ ರಸ್ತೆಯಲ್ಲಿರುವ ಆಟೊ ಚಾಲಕರು, ಲಾರಿಯವರು ಮಧ್ಯಾಹ್ನದ ಡಬ್ಬಿಯ ವ್ಯವಸ್ಥೆಯನ್ನು ಮಾಲೆಗೆ ಮುಂಚೆಯೇ ಮಾಡಿಕೊಳ್ಳಬೇಕು. ಹಲವು ಊರುಗಳಲ್ಲಿ ಗುಡಿಯ ಪಕ್ಕ ಚಪ್ಪರ ಹಾಕಿ ಸನ್ನಿಧಿ ಮಾಡಿ, ಹತ್ತಿಪ್ಪತ್ತು ಸ್ವಾಮಿಗಳು ಒಟ್ಟಿಗೆ ಇದ್ದು ಅಲ್ಲಿಯೇ ಅಡುಗೆ ಮಾಡಿಕೊಳ್ಳುತ್ತಾರೆ. ಮುಟ್ಟಾದ ಹೆಂಗಸರು ವ್ರತಧಾರಿಯಿಂದ ದೂರವಿರಬೇಕೆಂಬ ಪದ್ಧತಿ ಪಾಲಿಸುವ ಮನೆಗಳವರು, ಅದರಲ್ಲೂ ಒಂದೇ ಕೋಣೆಯ ಮನೆಯವರು, ಸನ್ನಿಧಿಗೆ ಹೋಗಿ ಇರುವುದು ಇದಕ್ಕೇ. ಹೆಂಡತಿಯನ್ನೋ ಅಕ್ಕನನ್ನೋ ಅಡುಗೆಯಿಂದ, ಮನೆಯಿಂದ ಆಚೆ ಕಳಿಸುವ ಬದಲು ವ್ರತ ಹಿಡಿದವನೇ ಜಾಗ ಬದಲಿಸುವುದು ಹೆಚ್ಚು ಮರ್ಯಾದೆಯ ದಾರಿ.

ಹತ್ತರಿಂದ ಐವತ್ತು ವರ್ಷದೊಳಗಿನ ಸ್ತ್ರೀಯರು ಮಲೆ ಹತ್ತಬಾರದೆಂಬ ಸಂಪ್ರದಾಯಕ್ಕೆ ಕೊಡುತ್ತಿದ್ದ ಕಾರಣಗಳಲ್ಲಿ ಈ 41 ದಿನದ ಮಡಿಯೂ ಒಂದು. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ವಯಸ್ಸಿನವರಿಗೂ ಪ್ರವೇಶವಿದೆ ಎಂದು ತೀರ್ಪು ಕೊಟ್ಟಿತು. ಮರುವರ್ಷ ನವೆಂಬರ್‌ನಲ್ಲಿ ಇದಕ್ಕೆ ಸಂಬಂಧಿಸಿದ ಪ್ರಶ್ನೆಗಳು ದೊಡ್ಡ ಪೀಠಕ್ಕೆ ಹೋದವು. ಚಿಕ್ಕ ಹುಡುಗಿಯರೂ ಹಿರಿಯ ಹೆಂಗಸರೂ ಮೊದಲಿನಿಂದಲೂ ಮಾಲೆ ಧರಿಸಿ ಹೋಗುತ್ತಲೇ ಇದ್ದಾರೆ. ಅವರನ್ನು ಮಾಳಿಗಪ್ಪುರಂ ಎಂದು ಕರೆಯುತ್ತಾರೆ.

ಕುಡಿತದ ವಿಷಯ ಮಾತ್ರ ನಿಂತು ಹೇಳಬೇಕಾದದ್ದು. ‘ಮಾಲೆ ಹಾಕಿದರೆ ಬಿಡ್ತಾನೆ’ ಎಂಬ ಆಸೆಯಿಂದ ಎಷ್ಟೋ ಮನೆಗಳು ಗಂಡಸರಿಗೆ ಮಾಲೆ ಹಾಕಿಸುತ್ತವೆ. ಎಷ್ಟೋ ಜನ ನಿಜಕ್ಕೂ ಬಿಡುತ್ತಾರೆ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಮಾಲೆಯ ದಿನ ಬೆಳಿಗ್ಗೆ ಒಮ್ಮೆಲೇ ನಿಲ್ಲಿಸಿದರೆ ಮೈ ಸುಮ್ಮನಿರುವುದಿಲ್ಲ. ಮೊದಲ ದಿನವೇ ಕೈ ನಡುಗಬಹುದು, ಬೆವರಬಹುದು, ನಿದ್ದೆ ಹಾರಬಹುದು. ಕೆಲವರಿಗೆ ಒಂದೆರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಂಡಂತಾಗಿ, ಗುರುತು ಹತ್ತದೆ, ಅಸಂಬದ್ಧ ಮಾತಾಡತೊಡಗಬಹುದು. ‘ಸ್ವಾಮಿ ಮೈಮೇಲೆ ಬಂದಿದ್ದಾನೆ’ ಎಂದು ಆರತಿ ಎತ್ತುತ್ತ ಕೂತರೆ ಜೀವಕ್ಕೇ ಅಪಾಯ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಅಂಥವರು ಮಾಲೆಗೆ ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಂಡು, ಔಷಧದ ಆಸರೆಯಲ್ಲಿ ಬಿಟ್ಟು, ಮೈ ಹಿಡಿತಕ್ಕೆ ಬಂದ ಮೇಲೆ ಮಾಲೆ ಹಾಕಿಸಿಕೊಳ್ಳಬೇಕು.

ಹಾಗೆಯೇ ಬಿಪಿ, ಸಕ್ಕರೆ, ಹೃದಯದ ಮಾತ್ರೆ. ವ್ರತದಲ್ಲಿ ಮಾತ್ರೆ ನುಂಗಬಾರದೆಂದು ನಿಲ್ಲಿಸುವವರು ಇಂದಿಗೂ ಇದ್ದಾರೆ. ನಿಲ್ಲಿಸಬಾರದು ಎಂದು ಕೇರಳದ ಆರೋಗ್ಯ ಇಲಾಖೆ ಯಾತ್ರಿಗಳಿಗೆ ಹೇಳುತ್ತಲೇ ಇದೆ. ಒಪ್ಪೊತ್ತು ಊಟ ಮಾಡುವ ಸಕ್ಕರೆ ಕಾಯಿಲೆಯವರು ಮಾತ್ರೆಯ ಹೊತ್ತು, ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಸಂಜೆ ಪೂಜೆಯ ಹೊತ್ತಿಗೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂದು ಕುಸಿಯುತ್ತಾರೆ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು ಐದು ಕಿಲೋಮೀಟರ್. ನೀಲಿಮಲೆ, ಅಪ್ಪಾಚಿಮೇಡುಗಳ ಏರು ಎದೆಯ ಮೇಲೇ ಬರುವಂಥದ್ದು. ದಾರಿಯುದ್ದಕ್ಕೂ ತುರ್ತು ಚಿಕಿತ್ಸಾ ಕೇಂದ್ರಗಳನ್ನು ಇಟ್ಟಿರುವುದು ಸುಮ್ಮನೆ ಅಲ್ಲ. 41 ದಿನದಲ್ಲಿ ದಿನವೂ ಬೆಳಿಗ್ಗೆ ಅರ್ಧ ಗಂಟೆ ನಡೆದು, ಕೊನೆಯ ಎರಡು ವಾರ ಮೆಟ್ಟಿಲೋ ಗುಡ್ಡವೋ ಹತ್ತಿ ಅಭ್ಯಾಸ ಮಾಡಿಕೊಂಡವರು ಅಲ್ಲಿ ಶರಣು ಕೂಗುತ್ತ ಹತ್ತುತ್ತಾರೆ. ಹತ್ತುವಾಗ ಎದೆ ಬಿಗಿದರೆ, ಉಸಿರು ಕಟ್ಟಿದರೆ ಅಲ್ಲಿಯೇ ಕೂತು ಸಹಾಯ ಕೇಳಬೇಕು.

ಊಟಕ್ಕಿಂತ ಕಷ್ಟದ್ದು ನಾಲಿಗೆ. ಬೈಗುಳ, ಸುಳ್ಳು, ಚಾಡಿ, ಜಗಳ ಇಲ್ಲ. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೇ ಎಲ್ಲರನ್ನೂ ಸ್ವಾಮಿ ಎನ್ನುವುದು. ಸನ್ನಿಧಾನದಲ್ಲಿ ಗುಡಿಯ ಮುಂದೆ ‘ತತ್ತ್ವಮಸಿ’ ಎಂದು ಬರೆದಿದೆ. ಅದು ನೀನೇ ಆಗಿದ್ದೀಯೆ ಎಂದು ಅರ್ಥ. ನೋಡಲು ಬಂದವನೂ ಅವನೇ, ನೋಡಿಸಿಕೊಳ್ಳುವವನೂ ಅವನೇ. ಬಸ್ಸಿನಲ್ಲಿ ಕಾಲು ತುಳಿದವನಿಗೆ ‘ಸ್ವಾಮಿ, ಕಾಲು’ ಎಂದ ಮೇಲೆ ಮುಂದಿನ ಬೈಗುಳ ಬಾಯಿಗೆ ಬರುವುದಿಲ್ಲ. ಮಾಲೆ ಹಾಕಿದ ಮೇಷ್ಟ್ರು ಹೋಂವರ್ಕ್ ಮಾಡದ ಹುಡುಗನನ್ನೂ ‘ಯಾಕೆ ಸ್ವಾಮಿ ಬರೆದಿಲ್ಲ?’ ಎಂದೇ ಕೇಳಬೇಕಾಗುತ್ತದೆ. ಆ ಮಾತಿನ ಜೊತೆ ಬೆತ್ತ ಎತ್ತಲು ಕೈ ಬರುವುದಿಲ್ಲ. ಬಾಯಿ ತಪ್ಪಿ ಸಿಟ್ಟು ಬಂದಾಗ ಹಲವರು ಅಲ್ಲಿಯೇ ನಿಂತು ‘ಸ್ವಾಮಿಯೇ ಶರಣಂ ಅಯ್ಯಪ್ಪ’ ಎಂದು ಶರಣು ಹೇಳಿಕೊಳ್ಳುತ್ತಾರೆ. ಫೋನಿನಲ್ಲಿ ಹೊತ್ತು ಕಳೆಯುವುದನ್ನೂ ಈಗಿನ ಗುರುಸ್ವಾಮಿಗಳು ಬಿಡಿಸುತ್ತಾರೆ, ಅದು ತಕ್ಕದ್ದೇ.

ಹೊರಡುವ ದಿನ ಇರುಮುಡಿ ಕಟ್ಟುತ್ತಾರೆ. ಇರುಮುಡಿ ತಲೆಯ ಮೇಲಿದ್ದವರಿಗೆ ಮಾತ್ರ ಹದಿನೆಂಟು ಮೆಟ್ಟಿಲು ತುಳಿಯುವ ಹಕ್ಕು. ಇಲ್ಲದವರು ಬೇರೆ ಬಾಗಿಲಿಂದ ಹೋಗಬೇಕು. ಎರಡು ಗಂಟಿನ ಈ ಚೀಲದ ಮುಂದಿನ ಮುಡಿ ದೇವರಿಗೆ, ಹಿಂದಿನದು ಯಾತ್ರಿಯ ದಾರಿಬುತ್ತಿಗೆ. ಮುಂದಿನ ಮುಡಿಯ ಜೀವಾಳ ತುಪ್ಪದ ಕಾಯಿ. ಚೆನ್ನಾಗಿ ಬಲಿತ, ಬಿರುಕಿಲ್ಲದ ತೆಂಗಿನಕಾಯಿ ಆರಿಸಿ, ನಾರನ್ನೆಲ್ಲ ಹೆರೆದು ನುಣುಪು ಮಾಡುತ್ತಾರೆ. ಮೂರು ಕಣ್ಣಿನಲ್ಲಿ ಮೆತ್ತಗಿರುವ ಒಂದನ್ನು ಚುಚ್ಚಿ ನೀರು ಬಸಿದು, ಕಾಯಿಯನ್ನು ಬೋರಲಾಗಿಟ್ಟು ಹನಿಯೂ ಉಳಿಯದಂತೆ ಆರಿಸಬೇಕು. ಒಳಗೆ ನೀರಿನ ಪಸೆ ಉಳಿದರೆ ದಾರಿಯಲ್ಲಿ ತುಪ್ಪ ಮುಗ್ಗಲು ವಾಸನೆ ಹೊಡೆಯುತ್ತದೆ. ತುಪ್ಪ ಕೈಗೆ ಬೆಚ್ಚಗೆ ತಾಗುವಷ್ಟು ಮಾತ್ರ ಬಿಸಿಯಿರಬೇಕು. ಕುದಿಯುವುದನ್ನು ಹೊಯ್ದರೆ ಒಳಗಿನ ಕೊಬ್ಬರಿ ಬೇಯುತ್ತದೆ. ಶರಣು ಕೂಗುತ್ತ ತುಪ್ಪ ತುಂಬಿ, ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಗುಳುಗುಳು ಸದ್ದು ಬಂದರೆ ಇನ್ನೂ ಜಾಗವಿದೆ ಎಂದರ್ಥ. ತುಂಬಿದ ಮೇಲೆ ಬೂಚು ಹಾಕಿ ಮೇಣದಿಂದ ಮುಚ್ಚುತ್ತಾರೆ. ಕಾಯಿ ದೇಹ, ತುಪ್ಪ ಜೀವ ಎಂಬುದು ಭಕ್ತರ ಭಾವ. ಸನ್ನಿಧಾನದಲ್ಲಿ ಕಾಯಿ ಒಡೆದು ತುಪ್ಪವನ್ನು ಅಭಿಷೇಕಕ್ಕೆ ಕೊಟ್ಟು, ಹೋಳನ್ನು ಉರಿಯುವ ಕುಂಡಕ್ಕೆ ಹಾಕುತ್ತಾರೆ.

ಮುಂದಿನ ಮುಡಿಗೆ ಅಕ್ಕಿ, ಬೆಲ್ಲ, ವೀಳ್ಯದೆಲೆ ಅಡಿಕೆ, ಕಾಣಿಕೆಯ ನಾಣ್ಯ, ಮಾಳಿಗಪ್ಪುರತ್ತಮ್ಮನಿಗೆ ಅರಿಸಿನ ಕುಂಕುಮ, ವಾವರ ಸ್ವಾಮಿಗೆ ಕರಿಮೆಣಸು ಸೇರುತ್ತವೆ. ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಇರುಮುಡಿ ಸಾಮಾನಿನ ಕಟ್ಟು ಕೊಂಡು ಹಾಗೆಯೇ ತುರುಕುವ ರೂಢಿಯಿದೆ. ಅದರ ತುಂಬ ಪ್ಲಾಸ್ಟಿಕ್ ಪೊಟ್ಟಣಗಳು, ಪನ್ನೀರಿನ ಬಾಟಲಿಗಳು. ಕಾಡಿನ ನಡುವಿನ ಆ ಜಾಗದಲ್ಲಿ ಪ್ಲಾಸ್ಟಿಕ್ ನಿಷಿದ್ಧ. ತಿಂದರೆ ಕಾಡಿನ ಪ್ರಾಣಿಗಳಿಗೆ ವಿಷ. ಎಲ್ಲವನ್ನೂ ಬಿಚ್ಚಿ ಬಟ್ಟೆಯ ಸಣ್ಣ ಗಂಟುಗಳಲ್ಲಿ, ಕಾಗದದಲ್ಲಿ ಕಟ್ಟಿಕೊಳ್ಳಲು ಹತ್ತು ನಿಮಿಷ ಸಾಕು.

ಮನೆಯವರು, ನೆಂಟರು ಒಬ್ಬೊಬ್ಬರಾಗಿ ಬಂದು ಮುಡಿಗೆ ಮೂರು ಹಿಡಿ ಅಕ್ಕಿ ಹಾಕುತ್ತಾರೆ. ಗುರುಸ್ವಾಮಿ ಗಂಟು ಬಿಗಿದು ಕನ್ನಿ ಸ್ವಾಮಿಯ ತಲೆಯ ಮೇಲಿಡುತ್ತಾರೆ. ದಾರಿಯಲ್ಲಿ ಅದನ್ನು ತಾನಾಗಿ ಇಳಿಸುವಂತಿಲ್ಲ, ಏರಿಸಿಕೊಳ್ಳುವಂತಿಲ್ಲ. ಹಿರಿಯ ಸ್ವಾಮಿಯ ಕೈಯಿಂದಲೇ ಆಗಬೇಕು. ಹೊಸ್ತಿಲ ಬಳಿ ಕಾಯಿ ಒಡೆದು, ಹೋಗಿ ಬರುತ್ತೇನೆ ಎನ್ನದೆ, ತಿರುಗಿ ನೋಡದೆ ಹೊರಡುತ್ತಾರೆ.

ಮಲೆಯಿಂದ ಇಳಿದ ಕೂಡಲೇ ಪಂಪೆಯಲ್ಲಿ ಮಾಲೆ ತೆಗೆದು ಚೀಲಕ್ಕೆ ಹಾಕಿಕೊಳ್ಳುವವರಿದ್ದಾರೆ, ಅದು ಕ್ರಮವಲ್ಲ. ಊರಿಗೆ ಬಂದು, ಬಾಗಿಲಲ್ಲಿ ಮತ್ತೆ ಕಾಯಿ ಒಡೆದು, ದೇವರ ಮನೆಯಲ್ಲಿ ದೀಪ ಹಚ್ಚಿ, ಗುರುಸ್ವಾಮಿಯಿಂದಲೋ ತಾಯಿಯಿಂದಲೋ ಮಾಲೆ ತೆಗೆಸಿಕೊಳ್ಳಬೇಕು. ಅಭಿಷೇಕವಾಗಿ ಬಂದ ತುಪ್ಪವನ್ನು ಅಕ್ಕಪಕ್ಕದ ಮನೆಗಳಿಗೆಲ್ಲ ಒಂದೊಂದು ಚಮಚದಂತೆ ಹಂಚುತ್ತಾರೆ. ಮಾಲೆ ದೇವರ ಪೆಟ್ಟಿಗೆಯೊಳಗೆ ಹೋಗುತ್ತದೆ. ಬೆವರಿಗೂ ನೀರಿಗೂ ಕಪ್ಪಾದ ಆ ತುಳಸಿ ಮಣಿಗಳನ್ನೇ ಮುಂದಿನ ಕಾರ್ತಿಕದಲ್ಲಿ ತೆಗೆದು, ಹೊಸ ದಾರಕ್ಕೆ ಪೋಣಿಸಿ, ಎರಡನೇ ವರ್ಷಕ್ಕೆ ಕೊರಳಿಗೆ ಹಾಕಿಸಿಕೊಳ್ಳುತ್ತಾರೆ.